ಸರಾಸರಿಯೇ ಸರಿದಾಗ: ಜೋಡಿ ಷೇರುಗಳ ರೇಶಿಯೊ ಚಾರ್ಟ್

ಟಿಸಿಎಸ್ ಮತ್ತು ಇನ್ಫೊಸಿಸ್ ಷೇರುಗಳ ಬೆಲೆ ಬಹುತೇಕ ಒಂದೇ ಕಾರಣಗಳಿಗೆ ಏರಿಳಿಯುತ್ತದೆ. ಇಬ್ಬರಿಗೂ ದೊಡ್ಡ ಗಿರಾಕಿ ಅಮೆರಿಕ, ಇಬ್ಬರ ಆದಾಯವೂ ಹೆಚ್ಚಾಗಿ ಡಾಲರ್‌ನಲ್ಲೇ ಬರುತ್ತದೆ. ಹಾಗಾಗಿ ಒಂದರ ಬೆಲೆಯನ್ನು ಇನ್ನೊಂದರ ಬೆಲೆಯಿಂದ ಭಾಗಿಸಿದರೆ ಸಿಗುವ ಅನುಪಾತ ತಿಂಗಳುಗಟ್ಟಲೆ ಒಂದು ಪಟ್ಟಿಯೊಳಗೇ ಓಡಾಡುವುದುಂಟು. ಅದು ಪಟ್ಟಿಯಿಂದ ಹೊರಗೆ ಹೋದಾಗ ದುಬಾರಿಯಾದದ್ದನ್ನು ಮಾರಿ, ಅಗ್ಗವಾದದ್ದನ್ನು ಕೊಳ್ಳುವುದೇ ಪೇರ್ ಟ್ರೇಡಿಂಗ್. ಮಾರುಕಟ್ಟೆ ಏರುತ್ತದೋ ಇಳಿಯುತ್ತದೋ ಎಂದು ಇಲ್ಲಿ ಊಹಿಸಬೇಕಿಲ್ಲ. ಎರಡರ ನಡುವಿನ ಅಂತರ ಕುಗ್ಗಿದರೆ ಸಾಕು.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಕಳೆದ 60 ದಿನಗಳ ಅನುಪಾತದ ಸರಾಸರಿ 2.00, ಸ್ಟ್ಯಾಂಡರ್ಡ್ ಡೀವಿಯೇಷನ್ 0.05. ಇಂದು ಟಿಸಿಎಸ್ 3,392 ರೂಪಾಯಿ, ಇನ್ಫೊಸಿಸ್ 1,600. ಅನುಪಾತ 2.12, ಅಂದರೆ ಸರಾಸರಿಗಿಂತ 2.4 ಡೀವಿಯೇಷನ್ ಮೇಲೆ. ನಮ್ಮಲ್ಲಿ ಕೈಯಲ್ಲಿಲ್ಲದ ಷೇರನ್ನು ಮಾರಿ ದಿನ ದಾಟಿಸಲು ಸಾಮಾನ್ಯ ಟ್ರೇಡರ್‌ಗೆ ಇರುವ ದಾರಿ ಫ್ಯೂಚರ್ಸ್. ಲಾಟ್ ಗಾತ್ರ ಆಗಾಗ ಬದಲಾಗುತ್ತದೆ. ಇಲ್ಲಿ ಟಿಸಿಎಸ್‌ಗೆ 175, ಇನ್ಫೊಸಿಸ್‌ಗೆ 400 ಎಂದುಕೊಳ್ಳೋಣ. ಟಿಸಿಎಸ್ ಒಂದು ಲಾಟ್ ಮಾರಿದರೆ 5,93,600 ರೂಪಾಯಿ, ಇನ್ಫೊಸಿಸ್ ಒಂದು ಲಾಟ್ ಕೊಂಡರೆ 6,40,000.

ಎರಡು ಕಡೆಯ ಮೊತ್ತ ಸಮವಾಗಿಲ್ಲ ಎಂಬುದನ್ನು ಗಮನಿಸಿ. ಖರೀದಿಯ ಕಡೆ 46,400 ರೂಪಾಯಿ ಹೆಚ್ಚಿದೆ. ಎರಡೂ ಷೇರು ಶೇ 5ರಷ್ಟು ಕುಸಿದರೆ ಅನುಪಾತ ಕದಲುವುದಿಲ್ಲ, ಆದರೂ 2,320 ರೂಪಾಯಿ ನಷ್ಟ. ಇದು ಸಹಿಸಬಹುದಾದ ವ್ಯತ್ಯಾಸ. ಮೊತ್ತಗಳ ನಡುವೆ ಇನ್ನೂ ದೊಡ್ಡ ಅಂತರವಿದ್ದರೆ ಅದು ಜೋಡಿ ವ್ಯವಹಾರವಾಗಿ ಉಳಿಯುವುದಿಲ್ಲ, ಮಾರುಕಟ್ಟೆಯ ದಿಕ್ಕಿನ ಮೇಲೆ ಕಟ್ಟಿದ ಪಂದ್ಯವಾಗುತ್ತದೆ.

ಎಣಿಸಿದಂತೆ ನಡೆದು ಟಿಸಿಎಸ್ 3,296ಕ್ಕೆ ಇಳಿದು, ಇನ್ಫೊಸಿಸ್ 1,648ಕ್ಕೆ ಏರಿತೆನ್ನಿ. ಅನುಪಾತ ಮತ್ತೆ 2.00. ಮಾರಿದ ಕಡೆ 16,800, ಕೊಂಡ ಕಡೆ 19,200, ಒಟ್ಟು 36,000 ರೂಪಾಯಿ ಲಾಭ. ಬ್ರೋಕರೇಜು, ತೆರಿಗೆ ಇದರಿಂದಲೇ ಹೋಗಬೇಕು.

ಅನುಭವಿಗಳೂ ಎಡವುವ ಜಾಗ ಮುಂದಿದೆ. ಅನುಪಾತ ಹಿಂತಿರುಗದೆ 2.20ಕ್ಕೆ ಏರಿ, ಅಲ್ಲೇ ನಿಂತಿತೆಂದುಕೊಳ್ಳಿ. ದಿನಕಳೆದಂತೆ ಹಳೆಯ ಅಂಕಿಗಳು 60 ದಿನದ ಲೆಕ್ಕದಿಂದ ಹೊರಬಿದ್ದು, ಸರಾಸರಿ ತಾನೇ 2.20ರತ್ತ ಸರಿಯುತ್ತದೆ. ಕೊನೆಗೆ ಪರದೆಯ ಮೇಲೆ ‘ವಿಚಲನ ಸೊನ್ನೆ’ ಎಂದು ಕಾಣುತ್ತದೆ. ಅಂತರ ಮುಚ್ಚಿತು ಎಂದು ಚಾರ್ಟ್ ಹೇಳುತ್ತಿದೆ. ಖಾತೆಯಲ್ಲಿ ಮಾತ್ರ ನಷ್ಟ. ಇನ್ಫೊಸಿಸ್ 1,600ರಲ್ಲೇ ಇದ್ದು ಟಿಸಿಎಸ್ 3,520 ಆಗಿದ್ದರೆ ಆ ನಷ್ಟ 22,400 ರೂಪಾಯಿ, ಜೊತೆಗೆ ತಿಂಗಳು ತಿಂಗಳ ರೋಲೋವರ್ ಖರ್ಚು. ಬೆಲೆ ಸರಾಸರಿಗೆ ಬರಲಿಲ್ಲ, ಸರಾಸರಿಯೇ ಬೆಲೆಯ ಬಳಿಗೆ ಬಂದಿತು.

ಆದ್ದರಿಂದ ಪ್ರವೇಶದ ದಿನದ ಸರಾಸರಿ, ಡೀವಿಯೇಷನ್ ಎರಡನ್ನೂ ಬರೆದಿಟ್ಟು, ವ್ಯವಹಾರ ಮುಗಿಯುವವರೆಗೆ ಅವನ್ನೇ ಅಳತೆಯಾಗಿ ಹಿಡಿಯಬೇಕು. ಗುರಿ 2.00. ಸ್ಟಾಪ್‌ಲಾಸ್ 2.20, ಆ ಅಳತೆಯಲ್ಲಿ 4 ಡೀವಿಯೇಷನ್. ಜೊತೆಗೊಂದು ಗಡುವೂ ಬೇಕು: ಈ ಜೋಡಿಯಲ್ಲಿ ಹಿಂದೆ ಅಂತರ ಮುಚ್ಚಲು ಸಾಮಾನ್ಯವಾಗಿ ಎಷ್ಟು ದಿನ ಹಿಡಿದಿದೆಯೋ ಅದರ ಎರಡರಷ್ಟು ದಿನ ಕಳೆದರೂ ಕದಲದಿದ್ದರೆ ಎರಡೂ ಕಡೆ ಒಟ್ಟಿಗೇ ಹೊರಬರುವುದು ಕ್ಷೇಮ.

ಅಂತರ ಬಿದ್ದಿದೆ ಎಂದಷ್ಟೇ ಚಾರ್ಟ್ ಹೇಳುತ್ತದೆ, ಕಾರಣ ಹೇಳುವುದಿಲ್ಲ. 2019ರ ಅಕ್ಟೋಬರ್ 22ರಂದು ಇನ್ಫೊಸಿಸ್ ಷೇರು ಒಂದೇ ದಿನ ಸುಮಾರು ಶೇ 16ರಷ್ಟು ಬಿತ್ತು. ಲೆಕ್ಕಪತ್ರದ ಬಗ್ಗೆ ಅನಾಮಧೇಯ ದೂರಿನ ಸುದ್ದಿ ಬಂದಿತ್ತು. `NSE:TCS/NSE:INFY` ಚಾರ್ಟ್ ನೆಗೆದು, ಹಳೆಯ ಪಟ್ಟಿಯ ಪ್ರಕಾರ ಇನ್ಫೊಸಿಸ್ ಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ ಎಂಬಂತೆ ಕಂಡಿತು. ಆರೋಪಗಳಿಗೆ ಪುರಾವೆ ಸಿಗಲಿಲ್ಲ ಎಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ಹೇಳಿದ್ದು 2020ರ ಜನವರಿಯಲ್ಲಿ. ಆದರೆ ಅಕ್ಟೋಬರ್‌ನಲ್ಲಿ ಕೊಳ್ಳುವವನ ಬಳಿ ಆ ಉತ್ತರವಿರಲಿಲ್ಲ. ಆರೋಪ ನಿಜವಾಗಿದ್ದರೆ ಅನುಪಾತ ಇನ್ನಷ್ಟು ಮೇಲಕ್ಕೆ ಹೋಗುತ್ತಿತ್ತು. ಅಲ್ಲಿ ಅವನು ಕೊಳ್ಳುತ್ತಿದ್ದದ್ದು ತನಿಖೆಯ ಫಲಿತಾಂಶವನ್ನು.

ಹೀಗಾಗಿ ಎರಡು ಷೇರುಗಳ ಚಾರ್ಟನ್ನೂ ಬೇರೆಬೇರೆಯಾಗಿ ತೆರೆದು, ಕದಲಿದ್ದು ಯಾವುದು, ಯಾವ ಸುದ್ದಿಗೆ ಎಂದು ನೋಡಬೇಕು. ಕಂಪನಿಯದೇ ಸುದ್ದಿಗೆ ಒಂದೇ ಕಾಲು ನೆಗೆದಿದ್ದರೆ ಅಥವಾ ತ್ರೈಮಾಸಿಕ ಫಲಿತಾಂಶ ಹತ್ತಿರವಿದ್ದರೆ ದೂರ ಉಳಿಯುವುದು ಮೇಲು. ಬೋನಸ್ಸನ್ನೂ ಮರೆಯಬಾರದು. 2018ರಲ್ಲಿ ಮೊದಲು ಟಿಸಿಎಸ್, ಕೆಲ ತಿಂಗಳ ನಂತರ ಇನ್ಫೊಸಿಸ್ ಒಂದಕ್ಕೊಂದು ಬೋನಸ್ ಕೊಟ್ಟವು. ಬೆಲೆ ಸರಿಹೊಂದಿಸದ ಚಾರ್ಟಿನಲ್ಲಿ ಅನುಪಾತ ಮೊದಲು ಅರ್ಧಕ್ಕೆ ಬಿದ್ದು, ಆಮೇಲೆ ಇಮ್ಮಡಿಯಾದಂತೆ ಕಾಣುತ್ತದೆ. ವ್ಯಾಪಾರದಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.