ಅರ್ಧ ಪಿಕ್ಸೆಲ್ ಸರಿದ ಮರುಭೂಮಿ

1999ರ ಅಕ್ಟೋಬರ್ 16ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿ ನಡುಗಿತು. ಹೆಕ್ಟರ್ ಮೈನ್ ಭೂಕಂಪವೆಂದು ಹೆಸರಾದ ಅದರ ತೀವ್ರತೆ 7.1. ಊರುಕೇರಿಗಳಿಲ್ಲದ ಜಾಗವಾದ್ದರಿಂದ ಹಾನಿ ಕಡಿಮೆಯಾಯಿತು. ಆದರೆ ನೆಲ 40 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿತ್ತು. ಸೀಳಿನ ಎರಡು ಬದಿಗಳು ಒಂದಕ್ಕೊಂದು ಎದುರು ದಿಕ್ಕಿಗೆ ಜಾರಿದ್ದವು. ಅತಿ ಹೆಚ್ಚು ಜಾರಿದ ಕಡೆ ಅಂತರ ಸುಮಾರು 5 ಮೀಟರ್.

ಫ್ರಾನ್ಸಿನ ಸ್ಪಾಟ್ ಉಪಗ್ರಹಗಳು ಭೂಕಂಪಕ್ಕೆ ಮೊದಲೂ ಆಮೇಲೂ ಈ ನೆಲದ ಕಪ್ಪು ಬಿಳುಪು ಚಿತ್ರಗಳನ್ನು ತೆಗೆದಿದ್ದವು. ಅವುಗಳಲ್ಲಿ ಒಂದೊಂದು ಪಿಕ್ಸೆಲ್ 10 ಮೀಟರ್ ಅಗಲದ ನೆಲಕ್ಕೆ ಸಮ. ಅಂದರೆ ಇಡೀ ಜಾರಾಟ ಚಿತ್ರದಲ್ಲಿ ಅರ್ಧ ಪಿಕ್ಸೆಲ್ ಮಾತ್ರ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ವ್ಯತ್ಯಾಸ ಸಿಗದು. ಆದರೂ ಕ್ಯಾಲ್‌ಟೆಕ್‌ನ ಸೆಬಾಸ್ಟಿಯನ್ ಲೆಪ್ರಾನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ವಿಧಾನ ಅದನ್ನು ಅಳೆಯಿತು. ಆ ಅಳತೆಯ ಹೃದಯದಲ್ಲಿರುವುದು ಫೇಸ್ ಕೋರಿಲೇಶನ್. ಕುಗ್ಲಿನ್ ಮತ್ತು ಹೈನ್ಸ್ ಎಂಬ ಇಬ್ಬರು 1975ರಲ್ಲಿ ಮಂಡಿಸಿದ ಉಪಾಯ ಅದು.

ಚಿತ್ರದ ಒಂದು ಸಾಲನ್ನು ಎತ್ತಿಕೊಂಡರೆ ಅದು ಬೆಳಕಿನ ಏರಿಳಿತ. ಯಾವ ಏರಿಳಿತವನ್ನೇ ಆಗಲಿ ಬೇರೆಬೇರೆ ಉದ್ದದ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಈ ಬಿಡಿಸುವ ಲೆಕ್ಕವೇ ಫೋರಿಯರ್ ರೂಪಾಂತರ. ಪ್ರತಿ ಅಲೆಯ ಬಗ್ಗೆ ಅದು ಎರಡು ಸಂಗತಿ ಹೇಳುತ್ತದೆ: ಅಲೆ ಎಷ್ಟು ಎತ್ತರ, ಮತ್ತು ಅದರ ಶಿಖರ ಎಲ್ಲಿ ನಿಂತಿದೆ. ಶಿಖರದ ಜಾಗವನ್ನು ಕೋನದಲ್ಲಿ ಹೇಳುವುದೇ ಫೇಸ್. ಒಂದು ಇಡೀ ಅಲೆಗೆ 360 ಡಿಗ್ರಿ.

ಈಗ 32 ಪಿಕ್ಸೆಲ್ ಅಗಲದ ತುಣುಕನ್ನು 2 ಪಿಕ್ಸೆಲ್ ಬಲಕ್ಕೆ ಸರಿಸಿದೆವು ಎನ್ನೋಣ. ತುಣುಕಿನ ಅಗಲಕ್ಕೆ ಒಂದೇ ಸಲ ಏರಿಳಿಯುವ ಉದ್ದನೆಯ ಅಲೆಗೆ ಅದು 22.5 ಡಿಗ್ರಿ ಹಿಂದೆ ಬಿದ್ದಂತೆ. ಎರಡು ಸಲ ಏರಿಳಿಯುವ ಅಲೆಗೆ 45 ಡಿಗ್ರಿ, ಮೂರು ಸಲದ್ದಕ್ಕೆ 67.5. ಅಲೆಗಳ ಎತ್ತರ ಎಳ್ಳಷ್ಟೂ ಬದಲಾಗುವುದಿಲ್ಲ. ಸರಿದಾಟದ ಸುದ್ದಿ ಪೂರ್ತಿಯಾಗಿ ಫೇಸ್‌ನಲ್ಲಿದೆ, ಅದೂ ನೇರ ಗೆರೆಯಂತೆ ಒಂದೇ ಇಳಿಜಾರಿನಲ್ಲಿ. ಆ ಇಳಿಜಾರು ಗೊತ್ತಾದರೆ ಎಷ್ಟು ಸರಿಯಿತೆಂಬುದೂ ಗೊತ್ತಾಯಿತು.

ಎರಡು ಚಿತ್ರಗಳ ಫೇಸ್ ವ್ಯತ್ಯಾಸ ಹಿಡಿಯಲು ಒಂದರ ರೂಪಾಂತರವನ್ನು ಇನ್ನೊಂದರ ಕಾಂಜುಗೇಟ್‌ನೊಂದಿಗೆ ಗುಣಿಸಬೇಕು. ಆಗ ಫೇಸ್‌ಗಳು ಒಂದರಿಂದೊಂದು ಕಳೆದುಹೋಗುತ್ತವೆ, ಎತ್ತರಗಳು ಗುಣಿಸಲ್ಪಡುತ್ತವೆ. ಇದು ಕ್ರಾಸ್ ಪವರ್ ಸ್ಪೆಕ್ಟ್ರಮ್. ತೊಂದರೆ ಇರುವುದು ಈ ಎತ್ತರಗಳಲ್ಲಿ. ನೈಸರ್ಗಿಕ ದೃಶ್ಯಗಳಲ್ಲಿ ಉದ್ದನೆಯ ಅಲೆಗಳು ಭಾರಿ ಎತ್ತರದವು, ಸಣ್ಣ ವಿವರಗಳನ್ನು ಹೊತ್ತ ಅಲೆಗಳು ಗಿಡ್ಡ. ಸಭೆಯಲ್ಲಿ ದೊಡ್ಡ ದನಿಯವರೇ ಮಾತಾಡಿ ಮಿಕ್ಕವರ ಮಾತು ಕೇಳಿಸದೆ ಹೋಗುವಂತೆ ಇಲ್ಲೂ ಆಗುತ್ತದೆ. ಹೊಂದಿಕೆಯ ಉತ್ತರ ಚೂಪಾದ ಬಿಂದುವಾಗದೆ ಅಗಲವಾದ ದಿಬ್ಬವಾಗುತ್ತದೆ. ಅದಕ್ಕೇ ಪ್ರತಿ ಪದವನ್ನೂ ಅದರದೇ ಎತ್ತರದಿಂದ ಭಾಗಿಸಿ, ಎಲ್ಲ ಅಲೆಗಳ ಎತ್ತರವನ್ನೂ 1ಕ್ಕೆ ತರುತ್ತಾರೆ. ಇದಾದ ಮೇಲೆ ಉಳಿಯುವುದು ಫೇಸ್ ಮಾತ್ರ. ನಾರ್ಮಲೈಸ್ಡ್ ಎಂಬ ವಿಶೇಷಣ ಬಂದಿದ್ದು ಈ ಭಾಗಾಕಾರದಿಂದ. ಕೊನೆಗೆ ರೂಪಾಂತರವನ್ನು ತಿರುಗುಮುರುಗು ಮಾಡಿದರೆ ಬಹುತೇಕ ಖಾಲಿಯಾದ ಹಾಳೆಯ ಮೇಲೆ ಒಂದೇ ಮೊನಚು ಎದ್ದು ನಿಲ್ಲುತ್ತದೆ. ಅದು ನಿಂತ ಜಾಗವೇ ಸರಿದಾಟ.

ಪೈಥಾನ್‌ನಲ್ಲಿ ಬರೆದರೆ ಇಡೀ ಕೆಲಸ ಇಷ್ಟೇ:

```python
import numpy as np
F1 = np.fft.fft2(a)
F2 = np.fft.fft2(b)
R = F2 * np.conj(F1)
R = R / (np.abs(R) + 1e-12)
r = np.fft.ifft2(R).real
y, x = np.unravel_index(r.argmax(), r.shape)
```

ನಮ್ಮ ಉದಾಹರಣೆಯಲ್ಲಿ `x` ಬೆಲೆ 2 ಬರುತ್ತದೆ. ಎಡಕ್ಕೆ 2 ಪಿಕ್ಸೆಲ್ ಸರಿಸಿದ್ದರೆ 30 ಬರುತ್ತಿತ್ತು, ಏಕೆಂದರೆ ಈ ಲೆಕ್ಕ ಚಿತ್ರದ ಎಡ ಅಂಚು ಬಲ ಅಂಚಿಗೆ ಅಂಟಿಕೊಂಡಿದೆ ಎಂದೇ ತಿಳಿಯುತ್ತದೆ. ಅಗಲದ ಅರ್ಧಕ್ಕಿಂತ ಹೆಚ್ಚಿನ ಸಂಖ್ಯೆ ಬಂದರೆ 32 ಕಳೆದು ಓದಿಕೊಳ್ಳಬೇಕು. ಹೀಗೆ ಅಂಟಿಸಿದ ಜಾಗದಲ್ಲಿ ಬೆಳಕು ಥಟ್ಟನೆ ಬದಲಾಗುತ್ತದೆ. ಆ ಸುಳ್ಳು ಗಡಿ ಎರಡೂ ಚಿತ್ರಗಳಲ್ಲಿ ಒಂದೇ ಕಡೆ ಇರುವುದರಿಂದ ‘ಏನೂ ಸರಿದಿಲ್ಲ’ ಎನ್ನುವ ಸೊನ್ನೆಯ ಜಾಗದಲ್ಲಿ ಒಂದು ಹುಸಿ ಮೊನಚು ಏಳುತ್ತದೆ. ಅಂಚಿನ ಕಡೆಗೆ ಹೋದಂತೆ ಚಿತ್ರವನ್ನು ಮೆಲ್ಲಗೆ ಮಸುಕಾಗಿಸುವ ಹ್ಯಾನ್ ವಿಂಡೋ ಹಾಕಿದರೆ ಈ ಕಾಟ ತಗ್ಗುತ್ತದೆ.

ಇನ್ನು ಅರ್ಧ ಪಿಕ್ಸೆಲ್ಲಿನ ಮಾತು. ಸರಿದಾಟ ಪೂರ್ಣಾಂಕವಲ್ಲದಿದ್ದರೆ ಮೊನಚು ಒಂದು ಮನೆಯಲ್ಲಿ ನಿಲ್ಲಲಾರದೆ ಅಕ್ಕಪಕ್ಕದ ಮನೆಗಳಿಗೆ ಹಂಚಿಹೋಗುತ್ತದೆ. 0.3 ಪಿಕ್ಸೆಲ್ ಸರಿದಾಗ ಸೊನ್ನೆಯ ಮನೆಯಲ್ಲಿ ಸುಮಾರು 0.86, ಒಂದನೇ ಮನೆಯಲ್ಲಿ 0.37 ಎತ್ತರ ಸಿಗುತ್ತದೆ. ಚಿಕ್ಕದನ್ನು ಎರಡರ ಮೊತ್ತದಿಂದ ಭಾಗಿಸಿ ನೋಡಿ: 0.37 ÷ 1.23 ಅಂದರೆ 0.3. ಸರಿಯಾಗಿ ಅರ್ಧ ಸರಿದರೆ ಎರಡೂ ಮನೆಗಳಲ್ಲಿ 0.64. ಗದ್ದಲವಿಲ್ಲದ ಚಿತ್ರಕ್ಕೆ ಇಷ್ಟು ಸಾಕು. ಆದರೆ ನಿಜವಾದ ಉಪಗ್ರಹ ಚಿತ್ರದಲ್ಲಿ ಗದ್ದಲವಿರುತ್ತದೆ, ಮತ್ತು ಎಲ್ಲ ಅಲೆಗಳಿಗೂ ಸಮಾನ ಹಕ್ಕು ಕೊಟ್ಟ ನಮ್ಮ ಭಾಗಾಕಾರ ಇಲ್ಲಿ ತಿರುಗಿಬೀಳುತ್ತದೆ. ಗದ್ದಲವಲ್ಲದೆ ಬೇರೇನೂ ಇಲ್ಲದ ಅತಿ ಸಣ್ಣ ಅಲೆಗಳಿಗೂ ಅದೇ ಹಕ್ಕು ಸಿಕ್ಕಿರುತ್ತದೆ. ಅದಕ್ಕೆ ಕ್ಯಾಲ್‌ಟೆಕ್‌ನ ವಿಧಾನ ಮೊದಲು ಮೊನಚಿನಿಂದ ಒರಟಾಗಿ ಸರಿದಾಟವನ್ನು ಅಂದಾಜಿಸಿ, ಆಮೇಲೆ ದುರ್ಬಲ ಅಲೆಗಳನ್ನು ಹೊರಗಿಟ್ಟು, ಉಳಿದವುಗಳ ಫೇಸ್ ಇಳಿಜಾರಿಗೆ ನೇರವಾಗಿ ಹೊಂದುವ ಬೆಲೆಯನ್ನು ಹುಡುಕುತ್ತದೆ. ಅರ್ಧ ಪಿಕ್ಸೆಲ್ ಸರಿದಾಗ ಅತ್ಯಂತ ಉದ್ದದ ಅಲೆ ಹಿಂದೆ ಬೀಳುವುದು ಬರೀ 5.6 ಡಿಗ್ರಿ, ಹತ್ತನೆಯದು 56 ಡಿಗ್ರಿ. ಹಾಗಾಗಿ ಮಧ್ಯಮ ಗಾತ್ರದ ವಿವರಗಳು ಚೆನ್ನಾಗಿರುವ ನೆಲದಲ್ಲಿ ಈ ಇಳಿಜಾರು ನಿಚ್ಚಳವಾಗಿ ಸಿಗುತ್ತದೆ. ಬಂಡೆ, ಒಣ ಹಳ್ಳ, ಕುರುಚಲುಗಳ ಮರುಭೂಮಿ ಅಂಥ ನೆಲ. ಮರಳು ದಿಬ್ಬಗಳು ಅಂಥವಲ್ಲ, ಅವುಗಳ ಮೈ ಗಾಳಿಗೆ ಬದಲಾಗಿಬಿಟ್ಟಿರುತ್ತದೆ.

ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಮಾಡುವುದಿಲ್ಲ. ಸಣ್ಣ ಕಿಟಕಿಯೊಂದನ್ನು ಚಿತ್ರದುದ್ದಕ್ಕೂ ಜರುಗಿಸುತ್ತಾ ಪ್ರತಿ ನಿಲುಗಡೆಯಲ್ಲೂ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಸರಿದಾಟಗಳನ್ನು ಬರೆದುಕೊಳ್ಳುತ್ತಾರೆ. ಹೀಗೆ ಬಂದ ನಕ್ಷೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಅದನ್ನು ಓದುವುದೇ ಒಂದು ಕಸುಬು. ಸರಿದಾಟದ ನಕ್ಷೆ ಬೆಟ್ಟಗಳ ಆಕಾರವನ್ನೇ ಹೋಲುತ್ತಿದ್ದರೆ ಅದು ಭೂಕಂಪವಲ್ಲ. ಎರಡು ಸಲ ಬೇರೆಬೇರೆ ಕೋನದಿಂದ ನೋಡಿದ ಉಪಗ್ರಹದ ಚಿತ್ರಗಳನ್ನು ನೆಲಕ್ಕೆ ಹೊಂದಿಸುವಾಗ ಎತ್ತರದ ಮಾಹಿತಿಯಲ್ಲಿದ್ದ ತಪ್ಪು ಅದು. ಉಪಗ್ರಹ ಸಾಗಿದ ದಿಕ್ಕಿಗೆ ಉದ್ದುದ್ದ ಪಟ್ಟೆಗಳು ಕಂಡರೆ ಕ್ಯಾಮೆರಾದ ಸೆನ್ಸಾರ್ ಸಾಲುಗಳು ಒಂದಕ್ಕೊಂದು ಸರಿಯಾಗಿ ಕೂತಿಲ್ಲ. ಸೂರ್ಯ ಬೇರೆ ಎತ್ತರದಲ್ಲಿದ್ದಾಗ ತೆಗೆದ ಚಿತ್ರಗಳಾದರೆ ನೆರಳು ಸರಿದದ್ದನ್ನೇ ಲೆಕ್ಕ ನೆಲ ಸರಿದದ್ದೆಂದು ಎಣಿಸುತ್ತದೆ. ಅದಕ್ಕೇ ಒಂದೇ ಋತುವಿನ ಚಿತ್ರಗಳನ್ನು ಆರಿಸುತ್ತಾರೆ. ಬೆಳಕು ಒಟ್ಟಾರೆ ಹೆಚ್ಚು ಕಡಿಮೆಯಾದರೆ ಮಾತ್ರ ಚಿಂತೆಯಿಲ್ಲ, ಅದು ಅಲೆಗಳ ಎತ್ತರವನ್ನಷ್ಟೇ ಬದಲಿಸುತ್ತದೆ, ಎತ್ತರವನ್ನು ನಾವು ಆಗಲೇ ತೆಗೆದುಹಾಕಿದ್ದೇವೆ.

ಸೀಳಿನ ಮೇಲೆಯೇ ಕಿಟಕಿ ಕೂತಾಗ ಅದರೊಳಗಿನ ಅರ್ಧ ನೆಲ ಒಂದು ಕಡೆಗೆ, ಇನ್ನರ್ಧ ಮತ್ತೊಂದು ಕಡೆಗೆ ಹೋಗಿರುತ್ತದೆ. ಅಲ್ಲಿ ಸಿಗುವ ಸಂಖ್ಯೆ ಎರಡರಲ್ಲಿ ಯಾವುದೂ ಅಲ್ಲ. 32 ಪಿಕ್ಸೆಲ್ ಕಿಟಕಿ ಎಂದರೆ 320 ಮೀಟರ್, ಅಷ್ಟು ಅಗಲದ ಪಟ್ಟಿಯಲ್ಲಿ ಅಳತೆ ಕಲಬೆರಕೆ. ಹಾಗಾಗಿ ಸೀಳಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಎರಡೂ ಬದಿಯಲ್ಲಿ ದೂರದ ಅಳತೆಗಳಿಗೆ ನೇರ ಗೆರೆ ಹೊಂದಿಸಿ, ಆ ಗೆರೆಗಳನ್ನು ಸೀಳಿನವರೆಗೆ ಎಳೆದು, ನಡುವಿನ ಜಿಗಿತವನ್ನು ಓದುತ್ತಾರೆ. ರೇಡಾರ್ ಉಪಗ್ರಹಗಳ ಅಳತೆ ಇದಕ್ಕಿಂತ ಎಷ್ಟೋ ಸೂಕ್ಷ್ಮ. ಆದರೆ ಸೀಳಿನ ಹತ್ತಿರ ನೆಲ ಬಹಳವಾಗಿ ಕದಡಿರುವ ಕಡೆ ಅದಕ್ಕೆ ಸಂಕೇತವೇ ಸಿಗದೆ ನಕ್ಷೆ ಖಾಲಿಯಾಗುತ್ತದೆ. ಹೆಕ್ಟರ್ ಮೈನ್‌ನಲ್ಲೂ ಹಾಗೇ ಆಯಿತು. ಎಷ್ಟು ಜಾರಿತೆಂಬ ಉತ್ತರ ಬೇಕಾದದ್ದು ಸರಿಯಾಗಿ ಅಲ್ಲಿಯೇ, ಅದನ್ನು ತುಂಬಿಕೊಟ್ಟದ್ದು ಈ ಸಾಧಾರಣ ಕಪ್ಪು ಬಿಳುಪು ಚಿತ್ರಗಳು.