ಕೀಬೋರ್ಡಿನ ಅಕ್ಷರ ಯಾಕೆ ಅಳಿಸುತ್ತದೆ?

ನಮ್ಮ ಲ್ಯಾಬಿನ ಹಳೆಯ ಕೀಬೋರ್ಡುಗಳಲ್ಲಿ ಎ, ಇ, ಎಸ್ ಮಾಸಿಹೋಗಿವೆ. ಟ್ಯಾಲಿ ಕಲಿಯುವ ಹೊಸಬರು ಅಕ್ಷರ ಹುಡುಕುತ್ತಾ ಕೂರುತ್ತಾರೆ. ಹೆಚ್ಚು ಒತ್ತದ ಕ್ಯೂ, ಝಡ್ ಮಾತ್ರ ಹೊಸದರಂತಿವೆ.

ಅಗ್ಗದ ಕೀಗಳಿಗೆ ಸಾಮಾನ್ಯವಾಗಿ ಪ್ಯಾಡ್ ಪ್ರಿಂಟಿಂಗ್ ಮಾಡುತ್ತಾರೆ. ಮೆತ್ತನೆಯ ಸಿಲಿಕೋನ್ ಪ್ಯಾಡ್ ಶಾಯಿಯನ್ನು ಕೀಯ ಮೇಲೆ ಒತ್ತುತ್ತದೆ. ಶಾಯಿ ಮೇಲೆಯೇ ಇರುವುದರಿಂದ ಬೆರಳು ಉಜ್ಜಿ ಸವೆಯುತ್ತದೆ. ಲೇಸರ್ ಮೇಲ್ಮೈಯನ್ನೇ ಸುಟ್ಟು ಅಕ್ಷರ ಮೂಡಿಸುತ್ತದೆ. ಹೆಚ್ಚು ಬಾಳುತ್ತದೆ, ಆದರೆ ಕೊರೆದ ಜಾಗಕ್ಕೆ ಬಣ್ಣ ತುಂಬಿದ್ದರೆ ಅದು ಹೋಗಬಹುದು. ಡೈ ಸಬ್ಲಿಮೇಶನ್‌ನಲ್ಲಿ ಬಿಸಿಯಿಂದ ಬಣ್ಣ ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತದೆ. ಹಾಗಾಗಿ ಕೀಗಿಂತ ಅಕ್ಷರ ಗಾಢವಾಗಿರಬೇಕು. ಡಬಲ್ ಶಾಟ್‌ನಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್. ಅಳಿಸಲು ಶಾಯಿಯೇ ಇಲ್ಲ.

ಕೊಳ್ಳುವಾಗ ನಾನು ಅಂಗಡಿಯವರನ್ನು ಕೇಳಿ ಒಂದು ಕೀ ತೆಗೆದು ತಳ ನೋಡುತ್ತೇನೆ. ಅಲ್ಲಿ ಎರಡು ಬಣ್ಣದ ಪ್ಲಾಸ್ಟಿಕ್ ಕಂಡರೆ ಅದು ಡಬಲ್ ಶಾಟ್.