ದಾರಿಗೆ ಕಾವಲಿದೆ, ತುದಿಯಲ್ಲಿ ಯಾರಿದ್ದಾರೆ?

2001ರ ಮೇ 17ರಂದು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಡೆವಲಪರ್ ಒಬ್ಬರು ಮೊದಲು ಸೋರ್ಸ್‌ಫೋರ್ಜ್‌ನ ಸರ್ವರ್‌ಗೆ ಲಾಗಿನ್ ಆದರು. ಅಲ್ಲಿಂದಲೇ ಎಸ್‌ಎಸ್‌ಎಚ್ ಮೂಲಕ apache.org ಸರ್ವರ್ ಹೊಕ್ಕರು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೀಗೆ ದಾಟುವುದು ಆಗಲೂ ಮಾಮೂಲು, ಈಗಲೂ ಮಾಮೂಲು. ಆದರೆ ಸೋರ್ಸ್‌ಫೋರ್ಜ್‌ನಲ್ಲಿದ್ದ `ssh` ಪ್ರೋಗ್ರಾಂ ಅಸಲಿಯಾಗಿರಲಿಲ್ಲ. ಯಾರೋ ಒಳನುಗ್ಗಿ ಅದನ್ನು ಬದಲಾಯಿಸಿಟ್ಟಿದ್ದರು. ಹೊರಗೆ ಹೋಗುವ ಪ್ರತಿಯೊಂದು ಲಾಗಿನ್ನಿನ ಹೆಸರು, ಪಾಸ್‌ವರ್ಡ್‌ಗಳನ್ನು ಅದು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಿತ್ತು.

ಕದ್ದ ಪಾಸ್‌ವರ್ಡ್ ಹಿಡಿದು ಆಕ್ರಮಣಕಾರ apache.org ಒಳಗೆ ಬಂದ. ಅಲ್ಲಿ ಓಡುತ್ತಿದ್ದ ಎಸ್‌ಎಸ್‌ಎಚ್ ಸರ್ವರ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿದ್ದ ದೋಷವೊಂದನ್ನು ಬಳಸಿ ಇಡೀ ಯಂತ್ರದ ಒಡೆಯನಾದ. ಆಮೇಲೆ ಅಲ್ಲಿನ ಎಸ್‌ಎಸ್‌ಎಚ್ ಪ್ರೋಗ್ರಾಂಗಳನ್ನೂ ಪಾಸ್‌ವರ್ಡ್ ಕದಿಯುವ ನಕಲಿಗಳಿಂದ ಬದಲಿಸಿದ. ರಾತ್ರಿ ತಾನಾಗಿ ನಡೆಯುವ ಭದ್ರತಾ ತಪಾಸಣೆ ಆ ಫೈಲುಗಳು ಬದಲಾಗಿರುವುದನ್ನು ಹಿಡಿಯಿತು. ಇಲ್ಲದಿದ್ದರೆ ಅದೇ ಸರಪಳಿ ಮುಂದಿನ ಯಂತ್ರಕ್ಕೂ ಬೆಳೆಯುತ್ತಿತ್ತು.

ಈ ಘಟನೆಯಲ್ಲಿ ಪಾಸ್‌ವರ್ಡ್ ಕದಿಯಲು ಯಾರೂ ಗೂಢಲಿಪಿ ಮುರಿಯಬೇಕಾಗಲಿಲ್ಲ. ಎರಡು ಸರ್ವರ್‌ಗಳ ನಡುವೆ ಪಾಸ್‌ವರ್ಡ್ ಸಾಗಿದ್ದು ಗೂಢಲಿಪಿಯಲ್ಲೇ. ಅದು ಕಳುವಾದದ್ದು ಗೂಢಲಿಪಿಯಾಗುವುದಕ್ಕೆ ಮೊದಲು, ಬೆರಳು ಕೀಲಿಮಣೆಯನ್ನು ಒತ್ತಿದ ಗಳಿಗೆಯಲ್ಲಿ.

ಎಸ್‌ಎಸ್‌ಎಚ್ ಹುಟ್ಟಿದ್ದು ದಾರಿಗಳ್ಳರನ್ನು ತಡೆಯಲು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿದ್ದರು. ಆಗ ಬಳಕೆಯಲ್ಲಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬರಿಯ ಅಕ್ಷರಗಳಾಗಿಯೇ ತಂತಿಯಲ್ಲಿ ಹರಿಯುತ್ತಿತ್ತು. ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಇದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಇಂದು ಅದು ಮೂರು ಕೆಲಸಗಳನ್ನು ಚೆನ್ನಾಗಿ ಮಾಡುತ್ತದೆ: ನಡುವೆ ಕೂತವರಿಗೆ ಮಾತು ತಿಳಿಯದಂತೆ, ಮಾತನ್ನು ತಿದ್ದಲು ಆಗದಂತೆ, ಆ ಕಡೆ ಇರುವುದು ನಾವು ಅಂದುಕೊಂಡ ಸರ್ವರೇ ಎಂದು ಖಚಿತವಾಗುವಂತೆ ನೋಡಿಕೊಳ್ಳುತ್ತದೆ. ವೆಬ್ ಬ್ರೌಸರಿಗೂ ಬ್ಯಾಂಕ್ ಆ್ಯಪ್‌ಗಳಿಗೂ ಟಿಎಲ್‌ಎಸ್ ಇದೇ ಕೆಲಸ ಮಾಡಿಕೊಡುತ್ತದೆ.

ಇವುಗಳಲ್ಲಿ ಮೂರನೆಯದು ನಮ್ಮ ಸಹಕಾರ ಬೇಡುತ್ತದೆ. ಟಿಎಲ್‌ಎಸ್‌ನಲ್ಲಿ ಸರ್ವರ್‌ನ ಗುರುತಿಗೆ ಪ್ರಮಾಣಪತ್ರ ಸಂಸ್ಥೆಗಳು ಸಾಕ್ಷಿ. ಎಸ್‌ಎಸ್‌ಎಚ್‌ನಲ್ಲಿ ಸಾಮಾನ್ಯವಾಗಿ ಅಂಥ ಸಾಕ್ಷಿ ಇಲ್ಲ. ಮೊದಲ ಸಲ ಹೋದಾಗ ಅದು ಸರ್ವರ್‌ನ ಬೆರಳಚ್ಚನ್ನು ತೋರಿಸಿ ನಮ್ಮನ್ನೇ ಕೇಳುತ್ತದೆ:

```
ED25519 key fingerprint is SHA256:...
Are you sure you want to continue connecting (yes/no/[fingerprint])?
```

ಬಹಳ ಮಂದಿ ಓದದೆಯೇ yes ಎಂದು ಒತ್ತುತ್ತಾರೆ. ಆ ಕ್ಷಣದಲ್ಲಿ ನಡುವೆ ಒಬ್ಬ ವಂಚಕ ಕೂತಿದ್ದರೆ, ಅವನ ಯಂತ್ರವನ್ನೇ ಅಸಲಿ ಎಂದು ನಮ್ಮ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಸರ್ವರ್ ನೋಡಿಕೊಳ್ಳುವವರಿಂದ ಬೇರೆ ದಾರಿಯಲ್ಲಿ, ಉದಾಹರಣೆಗೆ ಫೋನಿನಲ್ಲಿ, ಬೆರಳಚ್ಚನ್ನು ಪಡೆದು ಹೋಲಿಸುವುದಷ್ಟೇ ಇದಕ್ಕೆ ಸರಿಯಾದ ಕ್ರಮ. ಮುಂದೊಂದು ದಿನ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಬಂದರೂ ಅಷ್ಟೇ. ಸರ್ವರನ್ನು ಹೊಸದಾಗಿ ಕಟ್ಟಿರಬಹುದು, ನಡುವೆ ಯಾರಾದರೂ ಸೇರಿರಬಹುದು. ಯಾವುದು ನಿಜ ಎಂದು ಎಸ್‌ಎಸ್‌ಎಚ್‌ಗೆ ಗೊತ್ತಾಗುವುದಿಲ್ಲ, ವಿಚಾರಿಸಿದರೆ ನಮಗೆ ಗೊತ್ತಾಗುತ್ತದೆ.

ಅಪಾಚೆಯ ಡೆವಲಪರ್ ಪಾಸ್‌ವರ್ಡ್ ಬದಲು ಖಾಸಗಿ ಕೀಲಿ ಬಳಸಿದ್ದರೆ? ಆ ಕೀಲಿಯ ಫೈಲು ನಡುವಿನ ಸರ್ವರ್‌ನಲ್ಲೇ ಇದ್ದಿದ್ದರೆ ಅದೂ ಕಳುವಾಗುತ್ತಿತ್ತು. ಕೀಲಿಯನ್ನು ತನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟು, ಏಜೆಂಟ್ ಫಾರ್ವರ್ಡಿಂಗ್ ಎಂಬ ಸೌಲಭ್ಯದಿಂದ ದೂರದಿಂದಲೇ ಸಹಿ ಹಾಕಿಸುವವರೂ ಇದ್ದಾರೆ. ಅಲ್ಲಿ ಕೀಲಿ ಕಳುವಾಗುವುದಿಲ್ಲ. ಆದರೆ ಸಂಪರ್ಕ ಇರುವಷ್ಟು ಹೊತ್ತು ನಡುವಿನ ಯಂತ್ರದ ಒಡೆಯ ಆ ಕೀಲಿಯಿಂದ ತನಗೆ ಬೇಕಾದ ಕಡೆಗೂ ಸಹಿ ಹಾಕಿಸಿಕೊಳ್ಳಬಲ್ಲ. 2019ರಲ್ಲಿ matrix.org ಸರ್ವರ್‌ಗಳಿಗೆ ನುಗ್ಗಿದವರು ಈ ಸೌಲಭ್ಯವನ್ನು ದುರ್ಬಳಕೆ ಮಾಡಿಕೊಂಡೇ ಮುಂದೆ ಸಾಗಿದ್ದರು.

ಇದಕ್ಕೆ ಒಳ್ಳೆಯ ಪರಿಹಾರ ಸರಳವಾಗಿದೆ:

```
ssh -J user@middle user@final
```

ಇಲ್ಲಿ ನಡುವಿನ ಯಂತ್ರ ಬರಿಯ ಹಾದಿ. ಕೊನೆಯ ಸರ್ವರ್‌ನೊಂದಿಗೆ ಮಾತುಕತೆ ನಮ್ಮ ಲ್ಯಾಪ್‌ಟಾಪಿನಲ್ಲೇ ಶುರುವಾಗುತ್ತದೆ. ನಡುವಿನ ಯಂತ್ರ ಪೂರ್ತಿ ಕಳ್ಳನ ಕೈಲಿದ್ದರೂ ಅವನ ಮುಂದೆ ಹಾದುಹೋಗುವುದು ಗೂಢಲಿಪಿ ಮಾತ್ರ. ಕೊನೆಯ ಸರ್ವರ್‌ನ ಬೆರಳಚ್ಚನ್ನು ನಾವು ಸರಿಯಾಗಿ ನೋಡಿರಬೇಕು, ಅಷ್ಟೆ. ಹಾಗಿದ್ದೂ ನಮ್ಮ ಲ್ಯಾಪ್‌ಟಾಪ್ ಅಥವಾ ಕೊನೆಯ ಸರ್ವರ್ ಕೆಟ್ಟಿದ್ದರೆ ಈ ಉಪಾಯವೂ ಉಳಿಸದು.

ದಾರಿಯಲ್ಲೂ ಎಲ್ಲವೂ ಮರೆಯಾಗುವುದಿಲ್ಲ. ಯಾರು ಯಾವ ಯಂತ್ರದ ಜೊತೆ, ಎಷ್ಟು ಹೊತ್ತು, ಎಷ್ಟು ಮಾತಾಡಿದರು ಎಂಬುದು ಜಾಲ ನಡೆಸುವವರಿಗೆ ಕಾಣುತ್ತದೆ. ಎಸ್‌ಎಸ್‌ಎಚ್‌ನಲ್ಲಿ ನಾವು ಟೈಪ್ ಮಾಡುವ ಅಕ್ಷರಗಳು ಒಂದೊಂದಾಗಿ ಹೋಗುತ್ತವೆ. ಅಕ್ಷರ ಯಾವುದೆಂದು ತಿಳಿಯದಿದ್ದರೂ ಎರಡು ಅಕ್ಷರಗಳ ನಡುವಿನ ಬಿಡುವು ತಿಳಿಯುತ್ತದೆ. ಕೆಲವು ಜೋಡಿಗಳನ್ನು ಬೆರಳು ಬೇಗ ಒತ್ತುತ್ತದೆ, ಕೆಲವನ್ನು ನಿಧಾನವಾಗಿ. ಆ ಬಿಡುವುಗಳಿಂದಲೇ ಪಾಸ್‌ವರ್ಡ್ ಊಹೆಯನ್ನು ಸುಲಭ ಮಾಡಿಕೊಳ್ಳಬಹುದೆಂದು ಬರ್ಕ್ಲಿಯ ಸಂಶೋಧಕರು 2001ರಲ್ಲೇ ತೋರಿಸಿದ್ದರು. 2023ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.5 ಇದಕ್ಕೊಂದು ತಡೆ ಸೇರಿಸಿತು: ಅಕ್ಷರಗಳನ್ನು ಸಮಾನ ಅಂತರದಲ್ಲಿ ಕಳುಹಿಸಿ, ಟೈಪಿಂಗ್ ನಿಂತ ಮೇಲೂ ಸ್ವಲ್ಪ ಹೊತ್ತು ಹುಸಿ ಅಕ್ಷರಗಳನ್ನು ಬಿಡುತ್ತದೆ.

ಸರ್ವರ್‌ಗಳ ಗೊಡವೆಯೇ ಇಲ್ಲದ ನಮ್ಮ ಮನೆಮಂದಿಗೆ ಇದೇ ಅಪಾಯ ಟಿಎಲ್‌ಎಸ್‌ನ ರೂಪದಲ್ಲಿ ಎದುರಾಗುತ್ತದೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಎಂಬ ದೂರ ನಿಯಂತ್ರಣ ಆ್ಯಪ್ ಬಳಸಿ ನಡೆಯುತ್ತಿದ್ದ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಬ್ಯಾಂಕಿನವನೆಂದು ಹೇಳಿಕೊಂಡ ವಂಚಕ ಫೋನ್ ಮಾಡಿ ಆ್ಯಪ್ ಹಾಕಿಸುತ್ತಾನೆ, ಅದರಲ್ಲಿ ಕಾಣುವ ಸಂಖ್ಯೆ ಕೇಳುತ್ತಾನೆ, ಅನುಮತಿ ಒತ್ತಿಸುತ್ತಾನೆ. ಆ್ಯಪ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ದೂರದಿಂದ ಕಂಪ್ಯೂಟರ್ ರಿಪೇರಿ ಮಾಡುವವರು ದಿನವೂ ಬಳಸುವಂಥದ್ದು.

ಈಗ ಆ ಫೋನಿನಿಂದ ಎರಡು ಸಂಪರ್ಕಗಳು ಹೊರಟಿವೆ. ಒಂದು ಬ್ಯಾಂಕಿಗೆ, ಇನ್ನೊಂದು ವಂಚಕನಿಗೆ. ಎರಡೂ ಟಿಎಲ್‌ಎಸ್‌ನ ಭದ್ರ ಗೂಢಲಿಪಿಯಲ್ಲೇ ಇವೆ. ಬ್ಯಾಂಕಿನಿಂದ ಸುರಕ್ಷಿತವಾಗಿ ಬಂದ ಖಾತೆಯ ವಿವರ ಫೋನಿನ ಪರದೆಯ ಮೇಲೆ ಓದುವ ಅಕ್ಷರವಾಗುತ್ತದೆ. ಆ ಪರದೆಯ ಚಿತ್ರ ಎರಡನೆಯ ಸಂಪರ್ಕದಲ್ಲಿ ಅಷ್ಟೇ ಸುರಕ್ಷಿತವಾಗಿ ವಂಚಕನನ್ನು ತಲುಪುತ್ತದೆ. ಎಸ್ಸೆಮ್ಮೆಸ್‌ನಲ್ಲಿ ಬಂದ ಒಟಿಪಿಯೂ ಹಾಗೆಯೇ. ಕೆಲವು ಬ್ಯಾಂಕ್ ಆ್ಯಪ್‌ಗಳು ಪರದೆ ಹಂಚಿಕೆ ನಡೆಯುತ್ತಿರುವಾಗ ತೆರೆಯುವುದೇ ಇಲ್ಲ. ಆ ತಡೆ ಆ್ಯಪ್ ಬರೆದವರು ಹಾಕಿದ್ದು. ಟಿಎಲ್‌ಎಸ್‌ಗೆ ಪರದೆಯ ಮುಂದೆ ಯಾರಿದ್ದಾರೆ ಎಂಬುದು ಕಾಣಿಸದು.

ಅಂಥ ಸಂಪರ್ಕ ಶುರುವಾಗಿಬಿಟ್ಟಿದೆ ಎಂದು ಅನುಮಾನ ಬಂದರೆ ಮೊದಲು ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆರಿಸಬೇಕು. ವಂಚಕನ ಹಿಡಿತ ಅಲ್ಲಿಗೆ ಕಡಿಯುತ್ತದೆ. ಬಳಿಕ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು. ಪಾಸ್‌ವರ್ಡ್ ಬದಲಾಯಿಸುವುದನ್ನೂ ಆ ಬೇರೆ ಫೋನಿನಿಂದಲೇ ಮಾಡಬೇಕು.